ರವಿವಾರದ ಟೆಲಿಫೋನು

ಸುಳ್ಳು ಹೇಳಬಾರದೆಂಬುದನ್ನು ನಾನು ಕಲಿತದ್ದು ನನ್ನ ತಂದೆಯಿಂದ. ತಂದೆಗೇ ಸುಳ್ಳು ಹೇಳಬಹುದೆ ಎಂಬ ಪ್ರಶ್ನೆ ಎದುರಾದಾಗ ನನಗೆ ಐವತ್ತು ವರ್ಷವಾಗಿತ್ತು. ಆ ವೇಳೆಗೆ ಅದನ್ನು ಕೇಳಿ ಉತ್ತರ ಪಡೆಯಬಹುದಾಗಿದ್ದ ಒಬ್ಬನೇ ಮನುಷ್ಯ ಉತ್ತರ ಹೇಳುವ ಸ್ಥಿತಿಯಲ್ಲಿರಲಿಲ್ಲ.

ನನ್ನ ಊರು ಬಸವಕಲ್ಯಾಣ. ತಂದೆಯವರು ಹುಮನಾಬಾದಿನ ತಹಸೀಲು ಕಚೇರಿಯಲ್ಲಿ ಗುಮಾಸ್ತರಾಗಿದ್ದು ೧೯೯೬ರಲ್ಲಿ ನಿವೃತ್ತರಾದವರು. ಮೂವತ್ತು ವರ್ಷ ಮುಂಜಾನೆ ಬಸ್ಸು ಹತ್ತಿ ಹುಮನಾಬಾದಿಗೆ ಹೋಗುವುದು, ಸಂಜೆ ಬಸ್ಸು ಹತ್ತಿ ಕಲ್ಯಾಣಕ್ಕೆ ಬರುವುದು. ಅವರ ಆಯುಷ್ಯದ ತಿರುಳೇ ಅದು. ಪಹಣಿಯಲ್ಲಿ ಒಂದು ತಾರೀಖನ್ನು ಹಿಂದೆ ಮುಂದೆ ಬರೆದರೆ ಒಬ್ಬನ ಹೊಲ ಇನ್ನೊಬ್ಬನದಾಗುತ್ತದೆಂದು ಅವರು ಅಂಜುತ್ತಿದ್ದರು. ಆ ಅಂಜಿಕೆಯೇ ಅವರ ನೀತಿಶಾಸ್ತ್ರ. ನಾನು ಇಂಜಿನಿಯರನಾಗಿ ೧೯೯೫ರಲ್ಲಿ ಕೆನಡಾ ದೇಶದ ಟೊರಾಂಟೊ ನಗರಕ್ಕೆ ಹೋದೆ. ಹಳೆಯ ಸೇತುವೆಗಳ ಕಾಂಕ್ರೀಟನ್ನು ಪರೀಕ್ಷಿಸುವುದು ನನ್ನ ಉದ್ಯೋಗ. ಹೋದ ವರ್ಷದಿಂದಲೂ ವಾರಕ್ಕೊಮ್ಮೆ ರವಿವಾರ ಊರಿಗೆ ಟೆಲಿಫೋನು ಮಾಡುತ್ತ ಬಂದಿದ್ದೇನೆ. ಅಲ್ಲಿಯ ಬೆಳಗಿನ ಎಂಟೂವರೆಗೆ ಮಾಡಿದರೆ ಕಲ್ಯಾಣದಲ್ಲಿ ಬೇಸಗೆಯಾದರೆ ಸಂಜೆ ಆರು ಗಂಟೆ, ಚಳಿಗಾಲವಾದರೆ ಏಳು. ಆ ದೇಶದಲ್ಲಿ ನವೆಂಬರಿನ ಮೊದಲ ರವಿವಾರ ಗಡಿಯಾರಗಳನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಮಾರ್ಚಿಯ ಎರಡನೆಯ ರವಿವಾರ ಮತ್ತೆ ಮುಂದಕ್ಕೆ. ತಂದೆಯವರಿಗೆ ಇದು ದೊಡ್ಡ ಮೋಜಿನ ಸಂಗತಿಯಾಗಿತ್ತು. ವರ್ಷದ ಮೊದಲಿಗೇ ಕ್ಯಾಲೆಂಡರಿನಲ್ಲಿ ಆ ಎರಡು ದಿನಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಇವತ್ತಿಂದ ಒಂದು ತಾಸು ತಡ, ಹೌದಲ್ಲ? ನಿಮ್ಮ ಸರಕಾರದವರು ಹೊತ್ತನ್ನೂ ವರ್ಗಾ ಮಾಡ್ತಾರ ನೋಡು" ಎಂದು ನಗುತ್ತಿದ್ದರು.

೨೦೧೪ರ ನವೆಂಬರಿನಲ್ಲಿ ಅವರು ಹಾಗೆ ಅನ್ನಲಿಲ್ಲ. "ಯಾಕಪ್ಪಾ, ಇಷ್ಟು ತಡಾ? ಆರು ಗಂಟೆಯಿಂದ ಕುಂತೀನಿ" ಎಂದರು. ನಾನು ಕಾರಣ ಹೇಳಿದೆ. "ಹೌದು ಹೌದು" ಎಂದರು. ಮುಂದಿನ ವಾರವೂ ಅದೇ ಮಾತು, ಅದೇ ಕಾರಣ, ಅದೇ "ಹೌದು ಹೌದು".

ನನ್ನ ಉದ್ಯೋಗದಲ್ಲಿ ಒಂದು ಪಾಠವಿದೆ. ಸೇತುವೆಯ ಕಂಬದಲ್ಲಿ ಬಿರುಕು ಕಂಡಿತೆಂದು ಹೆದರಬೇಕಾಗಿಲ್ಲ. ಬಿರುಕಿಲ್ಲದ ಕಾಂಕ್ರೀಟು ಇಲ್ಲ. ಅದರ ಮೇಲೆ ಒಂದು ಅಳತೆಯ ಪಟ್ಟಿಯನ್ನು ಅಂಟಿಸಿ, ಗೊತ್ತಾದ ಅವಧಿಗೊಮ್ಮೆ ಹೋಗಿ ನೋಡಬೇಕು. ಬೆಳೆಯದ ಬಿರುಕಿಗೆ ಅಂಜಿಕೆಯಿಲ್ಲ. ಕೂದಲಿನಷ್ಟು ಸಣ್ಣದಾದರೂ ಬೆಳೆಯುತ್ತಿದ್ದರೆ ಅದರಲ್ಲೇನೋ ಇದೆ. ಮುದುಕರು ಮರೆಯುವುದು ಸಹಜ, ಹೆಸರುಗಳು ನಾಲಗೆಯ ತುದಿಗೆ ಬಂದು ನಿಲ್ಲುವುದು ಸಹಜ. ಆದರೂ ನಾನು ಒಂದು ನೋಟುಬುಕ್ಕು ಇಟ್ಟೆ. ತಂದೆಯ ಮೇಲೆ ಅಳತೆಪಟ್ಟಿ ಅಂಟಿಸಿದ ಮಗ ಎಂದು ವಾಚಕರು ನಗಬಹುದು; ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಅವರು ಪ್ರತಿ ಸಲವೂ "ಅಲ್ಲಿ ಮಳಿ ಆಯ್ತೇನು?" ಎಂದು ಕೇಳುತ್ತಿದ್ದರು. ಒಮ್ಮೆ ಕೇಳಿದ್ದನ್ನು ಎಷ್ಟು ಹೊತ್ತಿಗೆ ಮತ್ತೆ ಕೇಳುತ್ತಾರೆಂದು ಗುರುತು ಹಾಕಿಕೊಂಡೆ. ಆ ಚಳಿಗಾಲದಲ್ಲಿ ಇಪ್ಪತ್ತು ಮಿನಿಟಿನ ಮಾತಿನಲ್ಲಿ ಎರಡು ಸಲ, ಮೊದಲಿಗೊಮ್ಮೆ ಕೊನೆಗೊಮ್ಮೆ. ಒಂದು ವರ್ಷ ಕಳೆಯುವಷ್ಟರಲ್ಲಿ ಎಂಟು ಮಿನಿಟಿಗೊಮ್ಮೆ. ೨೦೧೬ರ ಮಳೆಗಾಲದಲ್ಲಿ ಮೂರು ಮಿನಿಟಿಗೊಮ್ಮೆ. ಬಿರುಕು ಬೆಳೆಯುತ್ತಿತ್ತು.

ಇಷ್ಟಾದರೂ ನಾನು ಅಕ್ಕನಿಗೆ ಹೇಳಿದ್ದು ತಡವಾಗಿ. ಅದಕ್ಕೆ ಟೆಲಿಫೋನಿನ ಗುಣವೂ ಕಾರಣ. ಅದರಲ್ಲಿ ನಡೆಯುವುದು ಬಹುಮಟ್ಟಿಗೆ ರೂಢಿಯ ಮಾತು. ಹ್ಯಾಂಗಿದ್ದಿ, ಊಟ ಆಯ್ತೇನು, ಹುಡುಗರು ಸಾಲಿಗೆ ಹೊಂಟಾರೇನು, ಎಲ್ಲಾ ದೇವರ ದಯಾ. ಐವತ್ತು ವರ್ಷ ಆಡಿದ ಈ ಮಾತುಗಳು ನೆನಪಿನ ಸಹಾಯವಿಲ್ಲದೆ ತಾವೇ ಬರುತ್ತವೆ. ಎಲ್ಲಕ್ಕಿಂತ ಕೊನೆಗೆ ಹೋಗುವವು ಇವೇ. ವೈದ್ಯರು ಎದುರಿಗೆ ಕೂತ ರೋಗಿಯಲ್ಲಿ ಒಂದು ಲಕ್ಷಣವನ್ನು ನೋಡುತ್ತಾರಂತೆ: ಪ್ರಶ್ನೆ ಕೇಳಿದಾಗ ಅವನು ಉತ್ತರಕ್ಕಾಗಿ ಪಕ್ಕದಲ್ಲಿರುವ ಹೆಂಡತಿಯ ಕಡೆಗೋ ಮಗನ ಕಡೆಗೋ ತಲೆ ತಿರುಗಿಸುತ್ತಾನೆ. ಟೆಲಿಫೋನಿನಲ್ಲಿ ತಲೆ ಕಾಣುವುದಿಲ್ಲ. ಆದರೆ ತಿರುಗಿದ್ದು ಕೇಳಿಸುತ್ತದೆ. ಒಂದು ಸಣ್ಣ ಮೌನ, ಆಚೆ ಯಾರದೋ ಪಿಸುಮಾತು, ಆಮೇಲೆ ಉತ್ತರ. ಇಲ್ಲವಾದರೆ, "ಆವಾಜು ಸರಿ ಬರೂದಿಲ್ಲಪ್ಪಾ, ಇಕಾ, ಇವರ ಕೂಡ ಮಾತಾಡು." ಆವಾಜು ಸರಿಯಾಗಿಯೇ ಬರುತ್ತಿತ್ತು.

೨೦೧೬ರ ಡಿಸೆಂಬರಿನಲ್ಲಿ ರಜೆ ತೆಗೆದುಕೊಂಡು ಬಂದೆ. ಕಲ್ಯಾಣದ ಮನೆಯಲ್ಲಿ ತಂದೆಯವರು ನಾನು ಹೆದರಿದಷ್ಟು ಕೆಟ್ಟಿರಲಿಲ್ಲ. ಕತ್ತಲಲ್ಲಿ ಬಚ್ಚಲಿಗೆ ಹೋಗಿ ಬರುತ್ತಿದ್ದರು, ಚಹಾದ ಡಬ್ಬಿ ಎಲ್ಲಿದೆಯೆಂದು ಕೈಗೆ ಗೊತ್ತಿತ್ತು. ಕೋಟೆಯ ಕಡೆಗೆ ತಿರುಗಾಡಲು ಹೋದರೆ ದಾರಿ ತಪ್ಪದೆ ಬರುತ್ತಿದ್ದರು. ಅವರ ಬದಲಿಗೆ ಮನೆಯೂ ಓಣಿಯೂ ನೆನಪಿಟ್ಟುಕೊಂಡಿದ್ದವೆಂದು ನನಗೆ ಆಗ ತಿಳಿಯಲಿಲ್ಲ. ಪಟ್ಟಣದ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ವೈದ್ಯರು ಮೂರು ಪದಗಳನ್ನು ಹೇಳಿ, ಬೇರೆ ಮಾತಾಡಿ, ಐದು ಮಿನಿಟಿನ ಮೇಲೆ ಅವನ್ನು ತಿರುಗಿ ಹೇಳಿರಿ ಎಂದರು. ಒಂದೂ ಬರಲಿಲ್ಲ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ಮಿನಿಟು ತೋರಿಸಿರಿ ಎಂದರು. ಮುತ್ತಿನಂಥ ಅಕ್ಷರದ ಆ ಗುಮಾಸ್ತರು ಅಂಕಿಗಳನ್ನೆಲ್ಲ ಒಂದೇ ಬದಿಗೆ ಗುಂಪು ಹಾಕಿ, ಒಂದು ಮುಳ್ಳನ್ನು ಹನ್ನೊಂದಕ್ಕೂ ಇನ್ನೊಂದನ್ನು ಹತ್ತಕ್ಕೂ ತೋರಿಸಿದರು. ಕಾಗದವನ್ನು ನೋಡಿ ತಮಗೇ ಏನೋ ಸರಿಯಿಲ್ಲವೆನಿಸಿ, ಅದನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು.

ರಕ್ತವನ್ನು ನೋಡದೆ ಹೆಸರಿಡಬಾರದು ಎಂದು ವೈದ್ಯರು ಹೇಳಿದ್ದು ಸರಿಯಾದ ಮಾತು. ಥೈರಾಯ್ಡ್ ಗ್ರಂಥಿ ಮಂದವಾದರೂ ಮರೆವು ಬರುತ್ತದೆ. ಮನಸ್ಸು ಕುಗ್ಗಿದರೂ ಬರುತ್ತದೆ. ಕಿವಿ ಮಂದವಾದರೆ ಮರೆವಿನಂತೆ ತೋರುತ್ತದೆ. ಬಿ-೧೨ ಎಂಬ ಜೀವಸತ್ತ್ವ ಕಡಮೆಯಾದರೂ ಹೀಗಾಗುವುದುಂಟು, ನಮ್ಮಂಥ ಶಾಕಾಹಾರಿಗಳ ಮನೆಗಳಲ್ಲಿ ಅದು ಅಪರೂಪವಲ್ಲ. ಇವು ತಿದ್ದಬಹುದಾದ ಕಾರಣಗಳು, ಆದ್ದರಿಂದ ಮೊದಲು ಇವನ್ನೇ ಹುಡುಕಬೇಕು. ತಂದೆಯವರ ರಕ್ತದಲ್ಲಿ ಬಿ-೧೨ ಕಡಮೆಯೇ ಇತ್ತು. ಸೂಜಿ ಹಾಕಿಸಿದೆವು. ಕೈಕಾಲಿನ ಜೋಮು ಹೋಯಿತು, ಮುಖದಲ್ಲಿ ಸ್ವಲ್ಪ ಗೆಲುವು ಬಂತು. ನಮ್ಮ ಮನೆಯಲ್ಲಿ ಎರಡು ತಿಂಗಳ ಮಟ್ಟಿಗೆ ಆಸೆಯೂ ಬಂತು. ಬಿರುಕು ಮಾತ್ರ ನಿಲ್ಲಲಿಲ್ಲ. ಮೆದುಳಿನ ಚಿತ್ರ ತೆಗೆದಾಗ ಅದು ಕುಗ್ಗಿರುವುದೂ, ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿದ ಗುರುತುಗಳೂ ಕಂಡವು. ಕೊಟ್ಟ ಮಾತ್ರೆಗಳು ರೋಗವನ್ನು ನಿಲ್ಲಿಸುವುದಿಲ್ಲ, ಕೆಲವರಲ್ಲಿ ಕೆಲವು ಕಾಲ ಅದರ ಉಪದ್ರವವನ್ನು ಸ್ವಲ್ಪ ಕಡಮೆ ಮಾಡುತ್ತವೆ, ಅಷ್ಟೇ ಎಂದು ಮೊದಲೇ ತಿಳಿಸಿದ್ದರು.

ಅವ್ವ ೨೦೦೯ರಲ್ಲಿಯೇ ತೀರಿಕೊಂಡಿದ್ದಳು. ಒಬ್ಬರನ್ನೇ ಕಲ್ಯಾಣದಲ್ಲಿ ಬಿಡುವುದು ಬೇಡವೆಂದು ಅಕ್ಕ ಅವರನ್ನು ಹುಮನಾಬಾದಿನ ತನ್ನ ಮನೆಗೆ ಕರೆದೊಯ್ದಳು. ಬೇರೆ ದಾರಿಯಿರಲಿಲ್ಲವೆಂದು ಈಗಲೂ ಹೇಳುತ್ತೇನೆ. ಆದರೆ ನೆನಪಿಟ್ಟುಕೊಳ್ಳುತ್ತಿದ್ದ ಮನೆಯನ್ನು ಅವರಿಂದ ಕಿತ್ತುಕೊಂಡ ಹಾಗಾಯಿತು. ಒಂದು ವಾರದಲ್ಲಿ ಒಂದು ವರ್ಷದಷ್ಟು ಇಳಿದರು. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ಐದಾಯಿತೆಂದರೆ ಎದ್ದು ಟೊಪ್ಪಿಗೆ ಹಾಕಿಕೊಂಡು ಬಾಗಿಲಿಗೆ ಹೋಗುವರು. "ಕಲ್ಯಾಣದ ಬಸ್ಸಿಗೆ ಹೊತ್ತಾಯ್ತು. ಮನ್ಯಾಗ ಕಾಯ್ತಾರ." ಮೂವತ್ತು ವರ್ಷ ಅವರು ಹುಮನಾಬಾದಿನಿಂದ ಸಂಜೆ ಮನೆಗೆ ಹೋದವರೇ ಅಲ್ಲವೆ! ಈ ರೋಗದಲ್ಲಿ ಬೆಳಕು ಇಳಿಯುವ ಹೊತ್ತಿಗೆ ತಳಮಳ ಹೆಚ್ಚುವುದು ಸಾಮಾನ್ಯವೆಂದು ಆಮೇಲೆ ತಿಳಿದೆ. ನಮ್ಮ ತಂದೆಯವರಲ್ಲಿ ಆ ತಳಮಳಕ್ಕೆ ಒಂದು ಬಸ್ಸಿನ ವೇಳಾಪಟ್ಟಿಯೂ ಸೇರಿಕೊಂಡಿತ್ತು. ಇಪ್ಪತ್ತು ವರ್ಷಗಳಿಂದ ನಾನು ಟೆಲಿಫೋನು ಮಾಡುತ್ತಿದ್ದ ಗಳಿಗೆಯೇ ಅವರ ಅತ್ಯಂತ ಕೆಟ್ಟ ಗಳಿಗೆಯಾಗಿತ್ತು.

ಇದನ್ನು ಅಕ್ಕ ಹೇಳಿದ ಮೇಲೆ ನಾನು ವೇಳೆಯನ್ನು ಬದಲಿಸಿದೆ. ಟೊರಾಂಟೊದಲ್ಲಿ ಶನಿವಾರ ರಾತ್ರಿ ಹತ್ತೂವರೆ ಎಂದರೆ ಬೇಸಗೆಯಲ್ಲಿ ಹುಮನಾಬಾದಿಗೆ ರವಿವಾರ ಮುಂಜಾನೆ ಎಂಟು ಗಂಟೆ. ನಿದ್ರೆಯಾಗಿ, ಸ್ನಾನವಾಗಿ, ವಿಭೂತಿ ಹಚ್ಚಿಕೊಂಡು ಕೂತಿರುವ ಹೊತ್ತು. ಬೇರೆಯೇ ಮನುಷ್ಯರೊಂದಿಗೆ ಮಾತಾಡಿದಂತಾಯಿತು. ಅಂದಿನಿಂದ ನಾನು ಇಂದಿನ ಸುದ್ದಿಯನ್ನು ಕೇಳುವುದನ್ನೂ ಬಿಟ್ಟೆ. ನಿನ್ನೆ ಯಾರು ಬಂದಿದ್ದರು, ಏನು ತಿಂದಿರಿ ಎಂಬ ಪ್ರಶ್ನೆಗಳು ಅವರಿಗೆ ಪರೀಕ್ಷೆಗಳು. ಪ್ರತಿ ವಾರ ನಾಪಾಸು ಮಾಡಲು ಮಗನೇ ಬೇಕೆ? ಹಳೆಯದು ಕೊನೆಗೆ ಹೋಗುತ್ತದೆಂದು ಫ್ರಾನ್ಸಿನ ರಿಬೋ ಎಂಬ ಪಂಡಿತ ೧೮೮೧ರಲ್ಲಿಯೇ ಬರೆದಿದ್ದಾನೆ. ಅದು ನಿಜವಾಗಿತ್ತು. ಅವರು ಸಾಲಿ ಕಲಿತದ್ದು ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. ಮರೆವು ಬೆಳೆದಂತೆ ಆ ಉರ್ದು ಮೇಲಕ್ಕೆ ಬಂತು. ಮಗ್ಗಿಯನ್ನೆಲ್ಲ ಉರ್ದುವಿನಲ್ಲಿಯೇ ಒಪ್ಪಿಸುವರು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನಕ್ಕೆ ಭಾರತದ ಸೈನ್ಯ ಬಂದಾಗ ಅವರಿಗೆ ಹತ್ತು ವರ್ಷ. ಅವರ ಅಜ್ಜ ಮನೆಯ ಬಾಗಿಲು ಹಾಕಿ ಹುಡುಗರನ್ನೆಲ್ಲ ಜೋಳದ ಹಗೇವಿನ ಪಕ್ಕದ ಕೋಣೆಯಲ್ಲಿ ಕೂಡಿಸಿದ್ದು, ಕತ್ತಲಲ್ಲಿ ತಂಗಿ ಅತ್ತಾಗ ಬಾಯಿಗೆ ಬೆಲ್ಲ ಇಟ್ಟದ್ದು—ನಾನು ನನ್ನ ಬಾಲ್ಯದಲ್ಲಿ ಎಂದೂ ಕೇಳಿರದಿದ್ದ ಸಂಗತಿಗಳನ್ನು ಮರೆವಿನ ಮನುಷ್ಯರಿಂದ ಈಗ ಕೇಳಿದೆ.

ಅದೇ ವರ್ಷ ಅವರು ಅವ್ವನನ್ನು ಕೇಳಲು ತೊಡಗಿದರು.

ಮೊದಲ ಸಲ ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಟೆಲಿಫೋನು ಅವರ ಕೈಯಲ್ಲಿತ್ತು, ನಾನು ಈಚೆಗಿದ್ದೆ. "ಯಾವಾಗ?" ಎಂದರು. ಆಮೇಲೆ, ನಾನು ಜನ್ಮದಲ್ಲಿ ಕೇಳಿರದ ದನಿಯಲ್ಲಿ, "ನನಗ ಯಾರೂ ಹೇಳಲೇ ಇಲ್ಲಲ್ಲ!" ಎಂದರು. ಸತ್ತ ಸುದ್ದಿಗಿಂತ ತಮ್ಮಿಂದ ಮುಚ್ಚಿಟ್ಟರೆಂಬುದೇ ಅವರನ್ನು ಹೆಚ್ಚು ಸುಟ್ಟಿತು. ಮಣ್ಣು ಕೊಟ್ಟವರೇ ಅವರು. ಮರುದಿನ ಮತ್ತೆ ಕೇಳಿದರು, ಮತ್ತೆ ಹೇಳಿದಳು, ಮತ್ತೆ ಅದೇ ಆಘಾತ. ನಾಲ್ಕನೆಯ ಸಲಕ್ಕೆ ಅಕ್ಕ, "ಮಾಣಿಕನಗರಕ್ಕ ಹೋಗ್ಯಾಳಪ್ಪಾ, ದರ್ಶನಕ್ಕ" ಎಂದುಬಿಟ್ಟಳು. ತಂದೆಯವರು ಸಮಾಧಾನವಾಗಿ ಚಹಾ ಕುಡಿದರು.

ನಾನು ಟೆಲಿಫೋನಿನಲ್ಲಿ ಅಕ್ಕನ ಮೇಲೆ ಹರಿಹಾಯ್ದೆ. ಒಂದು ಸುಳ್ಳು ತಾರೀಖು ಬರೆಯದ ಮನುಷ್ಯನಿಗೆ ಅವರ ಹೆಂಡತಿಯ ವಿಷಯದಲ್ಲೇ ಸುಳ್ಳು ಹೇಳುವುದೆ? ನುಡಿಯೂ ನಡೆಯೂ ಒಂದಾಗಬೇಕೆಂದು ಶರಣರು ಹಟ ಹಿಡಿದ ಊರಿನವರು ನಾವು! ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ನಿನಗ ಅಪ್ಪ ವಾರಕ್ಕ ಇಪ್ಪತ್ತು ಮಿನಿಟು ಸಿಗ್ತಾರ. ಉಳದದ್ದೆಲ್ಲಾ ನನಗ ಸಿಗ್ತಾರ. ಖರೇ ಹೇಳಿದ ಮ್ಯಾಲ ರಾತ್ರಿ ಅವರನ್ನ ಹಿಡಕೊಂಡು ಕೂಡಾಕಿ ನಾನು" ಎಂದಳು. ನನ್ನ ಸತ್ಯನಿಷ್ಠೆಯ ಖರ್ಚನ್ನು ಅವಳು ಕೊಡುತ್ತಿದ್ದಳು.

ಜರ್ಮನಿಯ ಕಾಂಟನು ೧೭೯೭ರಲ್ಲಿ ಒಂದು ಸಣ್ಣ ಪ್ರಬಂಧ ಬರೆದ. ಕೊಲೆಗಡುಕನೊಬ್ಬ ಬಂದು, ನಿನ್ನ ಗೆಳೆಯ ಮನೆಯಲ್ಲಿದ್ದಾನೆಯೆ ಎಂದು ಕೇಳಿದರೂ ಸುಳ್ಳು ಹೇಳುವ ಅಧಿಕಾರ ನಿನಗಿಲ್ಲ ಎಂಬುದು ಅದರ ವಾದ. ಕಾಲೇಜಿನಲ್ಲಿ ಅದನ್ನು ಕೇಳಿ ನಕ್ಕಿದ್ದೆ, ಈಗ ನಾನೇ ಕಾಂಟನ ಪಕ್ಷದಲ್ಲಿ ನಿಂತಿದ್ದೆ. ಆದರೆ ಆ ಪ್ರಬಂಧದ ಕೊಲೆಗಡುಕನಿಗೂ ನೆನಪಿತ್ತು. ಹೇಳಿದ್ದನ್ನು ಕೇಳುವವನು ಇಟ್ಟುಕೊಳ್ಳುತ್ತಾನೆ, ಅದರ ಮೇಲೆ ತನ್ನ ಮುಂದಿನ ಹೆಜ್ಜೆ ಇಡುತ್ತಾನೆ ಎಂಬುದನ್ನು ಹಿಡಿದೇ ನಾವು ಸತ್ಯದ ಸಾಲವನ್ನು ಒಬ್ಬರಿಗೊಬ್ಬರು ಕೊಡುತ್ತೇವೆ. ತಂದೆಯವರಲ್ಲಿ ಸುದ್ದಿ ನಿಲ್ಲುತ್ತಿರಲಿಲ್ಲ. ನಿಲ್ಲುತ್ತಿದ್ದುದು ಬೇರೊಂದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ೨೦೧೦ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಹೊಸ ನೆನಪು ಹಿಡಿಯಲಾರದ ಕೆಲವರಿಗೆ ಶೋಕದ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಚಿತ್ರದ ನೆನಪು ಅಷ್ಟಾಗಿ ಉಳಿದಿರಲಿಲ್ಲ. ದುಃಖ ಮಾತ್ರ ಉಳಿದಿತ್ತು. ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಹಾಗಾದರೆ ಅಕ್ಕ ಹೇಳಿದ ಸತ್ಯದಲ್ಲಿ ತಂದೆಯವರಿಗೆ ಸತ್ಯ ಸಿಕ್ಕಿರಲಿಲ್ಲ. ಕಾರಣ ತಿಳಿಯದ ದುಃಖವೊಂದು ಸಿಕ್ಕಿ, ರಾತ್ರಿಯೆಲ್ಲ ಅವರು ಅದಕ್ಕೆ ಕಾರಣ ಹುಡುಕುತ್ತಿದ್ದರು.

ಹೀಗೆ ಸುಳ್ಳಿನ ಪಕ್ಷಕ್ಕೆ ಬಂದೆನೆ? ಬರುವವನೇ ಇದ್ದೆ. ಅಷ್ಟರಲ್ಲಿ ಒಂದು ಮಧ್ಯಾಹ್ನ ತಂದೆಯವರು ಮನೆಯಿಂದ ಕಾಣೆಯಾದರು. ಮಾಮಾ ಸ್ಕೂಟರಿನಲ್ಲಿ ಹುಡುಕಿದಾಗ ಮಾಣಿಕನಗರದ ದಾರಿಯಲ್ಲಿ ಬಿಸಿಲಲ್ಲಿ ನಡೆದು ಹೊರಟಿದ್ದರು. "ಹೆಣ್ಮಗಳು ಒಬ್ಬಾಕೀನೇ ಹೋಗ್ಯಾಳ. ಕರಕೊಂಡು ಬರ್ತೀನಿ" ಎಂದರಂತೆ. ಸುದ್ದಿ ನಿಲ್ಲುವುದಿಲ್ಲವೆಂದು ನಾನು ಹಾಕಿದ್ದ ಲೆಕ್ಕದಲ್ಲಿ ತಪ್ಪಿತ್ತು, ಒಮ್ಮೊಮ್ಮೆ ನಿಲ್ಲುತ್ತಿತ್ತು. ಸುಳ್ಳಿನ ಮೇಲೆಯೂ ಅವರು ಮುಂದಿನ ಹೆಜ್ಜೆ ಇಟ್ಟಿದ್ದರು.

ಅಕ್ಕ ತಾನಾಗಿಯೇ ಒಂದು ದಾರಿ ಕಂಡುಕೊಂಡಳು. ಅಮೆರಿಕದಲ್ಲಿ ನವೋಮಿ ಫೈಲ್ ಎಂಬಾಕೆ ಮುದುಕರ ಆರೈಕೆಯಲ್ಲಿ ಇದನ್ನೇ ಒಂದು ಪದ್ಧತಿಯಾಗಿ ಬೆಳೆಸಿದ್ದಾಳೆಂದು ನಾನು ಪುಸ್ತಕದಿಂದ ತಿಳಿದೆ, ಅಕ್ಕ ಅಡಿಗೆಮನೆಯಿಂದ ತಿಳಿದಳು. "ಅವ್ವ ಎಲ್ಲಿ?" ಎಂದರೆ ಎಲ್ಲಿ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. "ಅವ್ವನ ನೆನಪಾಯ್ತೇನಪ್ಪಾ?" ಎನ್ನುತ್ತಾಳೆ. "ಆಕಿ ಎಳ್ಳಮಾಸಿಗಿ ಭಜ್ಜಿ ಹ್ಯಾಂಗ ಮಾಡ್ತಿದ್ದಳು?" ಎನ್ನುತ್ತಾಳೆ. ತಂದೆಯವರು ಭಜ್ಜಿಯ ವಿಚಾರ ಹೇಳಲು ತೊಡಗುತ್ತಾರೆ: ಹಸಿ ಕಡಲೆ, ಅವರೆ, ಮೆಂತೆ, ಹುಣಸೆಯ ಹುಳಿ, ಹೊಲದಲ್ಲಿ ಕೂತು ಸಜ್ಜಿ ರೊಟ್ಟಿಯೊಂದಿಗೆ ಉಂಡದ್ದು. ಕೇಳಿದ್ದು ವಿಳಾಸವನ್ನಲ್ಲ, ಆಕೆಯನ್ನು. ಒಮ್ಮೊಮ್ಮೆ ಇಷ್ಟರಿಂದ ತೃಪ್ತಿಯಾಗುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು "ಆಕಿ ಹೋದಳೇನು?" ಎಂದು ಕೇಳುತ್ತಾರೆ. ಹಾಗೆ ಕೇಳಿದಾಗ ಅಕ್ಕ "ಹೌದಪ್ಪಾ" ಎನ್ನುತ್ತಾಳೆ. ಯಾವ ಪ್ರಶ್ನೆ ಯಾವುದೆಂದು ಹೇಗೆ ಗೊತ್ತಾಗುತ್ತದೆಂದು ಕೇಳಿದೆ. "ಎದುರಿಗೆ ಕುಂತರ ಗೊತ್ತಾಗ್ತದ" ಎಂದಳು. ಆ ವಿದ್ಯೆ ಟೆಲಿಫೋನಿನಲ್ಲಿ ಬರುವಂಥದಲ್ಲ.

ಇದನ್ನೆಲ್ಲ ಯೋಚಿಸುವಾಗ ನಮ್ಮ ಊರಿನಲ್ಲಿಯೇ ಹುಟ್ಟಿದ ಒಂದು ಗ್ರಂಥ ನೆನಪಾಗುತ್ತದೆ. ಆರನೆಯ ವಿಕ್ರಮಾದಿತ್ಯ ೧೦೭೬ರಿಂದ ೧೧೨೬ರವರೆಗೆ ಕಲ್ಯಾಣದಿಂದ ಆಳುತ್ತಿದ್ದಾಗ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದ. ಮಗನಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಎಂಬ ಅದರ ಸಿದ್ಧಾಂತ ದೇಶದ ಬಹುಭಾಗದಲ್ಲಿ ನಡೆಯಿತು. ತಂದೆ ಮುದುಕನಾಗಿ ಬುದ್ಧಿ ಕಲಕಿದರೆ ಅವನ ಇಚ್ಛೆಯಿಲ್ಲದೆಯೂ ಮಕ್ಕಳು ಆಸ್ತಿಯನ್ನು ಭಾಗ ಮಾಡಿಕೊಳ್ಳಬಹುದು ಎಂಬ ಹಳೆಯ ಸ್ಮೃತಿವಾಕ್ಯವನ್ನೂ ಅವನು ಎತ್ತಿಕೊಳ್ಳುತ್ತಾನೆ. ಒಂಬೈನೂರು ವರ್ಷಗಳ ಹಿಂದೆಯೂ ಕಲ್ಯಾಣದಲ್ಲಿ ಇಂಥ ತಂದೆಗಳಿದ್ದರು, ಇಂಥ ಮಕ್ಕಳಿದ್ದರು. ಆಸ್ತಿಯ ಭಾಗಕ್ಕೆ ಶಾಸ್ತ್ರಕಾರನು ನಿಯಮ ಮಾಡಿದ. ನಮ್ಮಲ್ಲಿ ಆದ ಭಾಗ ಬೇರೆ ಬಗೆಯದು: ಅಕ್ಕನ ಪಾಲಿಗೆ ರಾತ್ರಿಗಳು, ನನ್ನ ಪಾಲಿಗೆ ಇಪ್ಪತ್ತು ಮಿನಿಟಿನ ಮುಂಜಾನೆ. ದುಡ್ಡು ಕಳಿಸುತ್ತೇನೆ, ಹಗಲು ನೋಡಿಕೊಳ್ಳಲು ಒಬ್ಬಾಕೆಯನ್ನು ಇಟ್ಟದ್ದು ಆ ದುಡ್ಡಿನಿಂದಲೇ, ಅದರಿಂದ ಅಕ್ಕನಿಗೆ ನಿದ್ರೆ ಸಿಕ್ಕಿದ್ದೂ ನಿಜ. ವರ್ಷಕ್ಕೆ ಒಂದು ತಿಂಗಳು ಬಂದು ರಾತ್ರಿಗಳನ್ನು ನಾನು ಕಾಯುತ್ತಿದ್ದೆ. ಪಾಲು ಸಮವಾಯಿತೆಂದು ಹೇಳಲು ನನಗೆ ಬಾಯಿಲ್ಲ.

೨೦೧೮ರ ಕೊನೆಯ ಹೊತ್ತಿಗೆ ನಾನು ಯಾರೆಂಬುದು ಅವರಿಗೆ ತಿಳಿಯದಾಯಿತು. ಸಹೋದ್ಯೋಗಿಯೊಬ್ಬ, ಗುರುತೇ ಸಿಗದ ಮೇಲೆ ಯಾರಿಗಾಗಿ ಟೆಲಿಫೋನು ಮಾಡುತ್ತೀ ಎಂದು ಕೇಳಿದ. ಅವನದು ಕ್ರೂರ ಪ್ರಶ್ನೆಯಲ್ಲ. ನಾನು ಕೊಡಬಹುದಾದ ಉತ್ತರ ಅಕ್ಕನ ಮಾತಿನಲ್ಲಿತ್ತು: ರವಿವಾರ ಮಾತಾಡಿದ ಮೇಲೆ ಮಧ್ಯಾಹ್ನದವರೆಗೆ ತಂದೆಯವರು ಗೆಲುವಾಗಿರುತ್ತಾರೆ, ಯಾಕೆಂದು ಅವರಿಗೆ ಗೊತ್ತಿರುವುದಿಲ್ಲ. ದುಃಖ ಉಳಿಯುವ ಹಾಗೆ ಅದೂ ಉಳಿಯುತ್ತದೆಂದಾಯಿತು.

ಅವರು ನನ್ನನ್ನು ಕಚೇರಿಗೆ ಬಂದ ಯಾರೋ ರೈತನೆಂದೋ ದೂರದ ಗೃಹಸ್ಥನೆಂದೋ ತಿಳಿದು ಬಹುವಚನದಲ್ಲಿ ಮಾತಾಡುತ್ತಿದ್ದರು. ೨೦೧೯ರ ಅಕ್ಟೋಬರಿನ ಕೊನೆಯ ರವಿವಾರದ ಮಾತು ನೋಟುಬುಕ್ಕಿನಲ್ಲಿದೆ.

"ನೀವು ಎಲ್ಲಿಂದ ಮಾತಾಡ್ಲಿಕತ್ತೀರಿ?"

"ಕೆನಡಾದಿಂದ್ರೀ."

"ಭಾಳ ದೂರ ಆಯ್ತು. ಅಲ್ಲಿ ಮಳಿ ಆಯ್ತೇನ್ರಿ?"

"ಆಯ್ತ್ರೀ."

"ನಿಮ್ಮ ತಂದಿಯವರು ಇದ್ದಾರೇನ್ರಿ?"

"ಇದ್ದಾರ್ರೀ. ಹುಮನಾಬಾದದಾಗ."

"ಹಂಗಾದ್ರ ಭೇಟಿ ಆಗ್ರಿ ಮತ್ತ. ಮುದುಕರು ದಾರಿ ನೋಡ್ತಾರ."

ಅಕ್ಕ ಟೆಲಿಫೋನು ತೆಗೆದುಕೊಂಡಳು. ಮುಂದಿನ ವಾರದ ಮರುವಾರದಿಂದ ಒಂದು ತಾಸು ತಡವಾಗುತ್ತದೆಂದು ಹೇಳಿದೆ. "ತಡಿ, ಬರಕೋತೀನಿ" ಎಂದು ಅವಳು ಕ್ಯಾಲೆಂಡರಿನ ಹತ್ತಿರ ಹೋದಳು. ಅಲ್ಲಿ ಕೆಂಪು ಪೆನ್ನು ಸಿಗಲಿಲ್ಲವೆಂದು ಯಾರನ್ನೋ ಕೂಗಿ ಕರೆದದ್ದು ಕೇಳಿಸಿತು.